ಅಂಗೈಯಲ್ಲಿ ಮುಚ್ಚಿ ನೋಡಿದ ಪ್ರಶ್ನೆ

ಅಂಬುಜಾಕ್ಷಿ ಟೀಚರ್ ಬಲಗೈಯನ್ನು ರಾಜಪ್ಪನ್‌ನ ಮೇಲಿಟ್ಟು ಅವನನ್ನು ಪೂರ್ತಿ ಮುಚ್ಚಿಬಿಟ್ಟರು. ಐವತ್ತೆಂಟರ ಮೀನುಗಾರ, ಕಾಲು ಊತ, ಎರಡು ದಿನದಿಂದ ವಾಂತಿ, ಮನೆಯಲ್ಲಿ ಹೆಂಡತಿ, ಮೂರು ಹೆಣ್ಣುಮಕ್ಕಳು. ಎಲ್ಲರೂ ಅಂಗೈಯ ಕೆಳಗೆ ಹೋದರು. ಹಾಳೆಯ ಮೇಲೆ ಹೊರಗುಳಿದದ್ದು ಒಂದೇ ಸಾಲು.

"ಓದು ಎಲ್ದೋ."

"ರಕ್ತದಲ್ಲಿ ಪೊಟ್ಯಾಸಿಯಂನ ಸಹಜ ಪ್ರಮಾಣ ಎಷ್ಟು?" ಎಲ್ದೋ ಸಾರ್ ಓದಿದರು.

"ಉತ್ತರ ಹೇಳೋಕೆ ರಾಜಪ್ಪನ್ ಬೇಕಾ?"

"ಬೇಡ ಟೀಚರ್."

"ಮತ್ತೆ ಪಾಪ, ಅವನನ್ನ ಯಾಕೆ ಆಸ್ಪತ್ರೆ ತನಕ ಎಳ್ಕೊಂಡು ಬಂದೆ? ಬೋಟ್ ಹತ್ತಿ ಹೋಗ್ತಿದ್ದ, ಹೋಗ್ಲಿ ಬಿಡು."

ನಾನು ನಕ್ಕೆ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೂ ನಗು ಬರುತ್ತಿತ್ತು ಅನ್ನುವುದು ಈಗ ಆಶ್ಚರ್ಯ.

ನಾವು ಮೂವರು ಬುಧವಾರ ಬೆಳಗ್ಗೆ ಈ ಕೋಣೆಗೆ ಬಂದಿದ್ದೆವು. ವಿಶ್ವವಿದ್ಯಾಲಯದ ಹಳೆಯ ಅತಿಥಿಗೃಹದ ಮೇಲಿನ ಮಹಡಿ. ಕಿಟಕಿಗೆ ಸರಳು, ಸರಳಿನಾಚೆ ಗೋಡಂಬಿ ಮರ. ಬಾಗಿಲಾಚೆ ಪವಿತ್ರನ್ ಚೇಟ್ಟನ್, ಎಲ್ಲರಿಗೂ ಅಣ್ಣ, ಗೋಪ್ಯ ವಿಭಾಗದ ಸೆಕ್ಷನ್ ಆಫೀಸರ್, ಒಂದು ಕುರ್ಚಿ, ಒಂದು ಕಬ್ಬಿಣದ ಕಪಾಟು. ನಮ್ಮ ಮೊಬೈಲುಗಳು ಆ ಕಪಾಟಿನೊಳಗಿದ್ದವು. ನರ್ಸಿಂಗ್ ಮೂರನೇ ವರ್ಷದ ಪರೀಕ್ಷೆಗೆ ಮೂವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ನಾವು ಬರೆಯಬೇಕಾದದ್ದು ತಲಾ ಹತ್ತು. ಮೂವತ್ತೂ ಪಾಸಾಗಿ, ಲಕೋಟೆಗೆ ಅರಗು ಬೀಳುವ ತನಕ ಯಾರೂ ಹೊರಗೆ ಹೋಗುವಂತಿಲ್ಲ. ಊಟ ಒಳಗೆ ಬರುತ್ತದೆ. ಮಲಗಲು ಪಕ್ಕದಲ್ಲಿ ಎರಡು ಕೋಣೆ. ಒಂದರಲ್ಲಿ ಎಲ್ದೋ ಸಾರ್, ಇನ್ನೊಂದರಲ್ಲಿ ನಾನು ಮತ್ತು ಟೀಚರ್. ಟೀಚರ್ ಗೊರಕೆ ಹೊಡೆಯುತ್ತಾರೆ.

ಈ ವರ್ಷದಿಂದ ಹೊಸ ನಿಯಮ. ಬಾಯಿಪಾಠ ಮಾಡಿದ್ದನ್ನು ಕೇಳುವಂತಿಲ್ಲ. ಕಲಿತದ್ದನ್ನು ಎದುರಿಗಿರುವ ರೋಗಿಯ ಮೇಲೆ ಬಳಸಬಲ್ಲರೇ, ಯೋಚಿಸಬಲ್ಲರೇ, ಅದನ್ನಷ್ಟೇ ಕೇಳಬೇಕು. ಹೇಳಲು ಸುಲಭ. ಎಲ್ದೋ ಸಾರ್‌ರಂತೆ ಎಲ್ಲರೂ ಮೊದಲು ಮಾಡುವುದು ಹಳೆಯ ಪ್ರಶ್ನೆಗೆ ಒಬ್ಬ ರೋಗಿಯನ್ನು ತೊಡಿಸುವುದು. ಅದಕ್ಕೇ ಟೀಚರ್‌ರ ಅಂಗೈ. ಮೊದಲು ರೋಗಿಯ ಕತೆಯನ್ನು ಮುಚ್ಚುತ್ತಾರೆ. ಕತೆ ಇಲ್ಲದೆಯೂ ಉತ್ತರಿಸಬಹುದಾದರೆ ಕತೆ ಬರೀ ಅಲಂಕಾರ. ಆಮೇಲೆ ಕತೆಯನ್ನು ಬಿಟ್ಟು ಆಯ್ಕೆಗಳನ್ನು ಮುಚ್ಚುತ್ತಾರೆ. ಆಯ್ಕೆ ನೋಡದೆಯೂ ಒಳ್ಳೆಯ ಹುಡುಗಿಗೆ ಉತ್ತರ ಹೊಳೆಯಬೇಕು. ಹೊಳೆಯದಿದ್ದರೆ ಪ್ರಶ್ನೆಯೇ ಅಸ್ಪಷ್ಟ. ಎರಡೂ ಅಂಗೈ ದಾಟಿದ ಪ್ರಶ್ನೆ ಮಾತ್ರ ನೀಲಿ ಫೈಲಿಗೆ ಹೋಗುತ್ತದೆ.

"ಪೊಟ್ಯಾಸಿಯಂ ಎಷ್ಟಿರಬೇಕು ಅಂತ ಕೇಳಬೇಡ," ಟೀಚರ್ ಹೇಳಿದರು. "ಎಷ್ಟಿದೆ ಅಂತ ನೀನೇ ಕೊಟ್ಬಿಡು. ಎರಡು ಪಾಯಿಂಟ್ ಒಂಬತ್ತು. ಮೂತ್ರ ಹೋಗೋ ಮಾತ್ರೆ ತಗೋತಿದ್ದಾನೆ, ಹೃದಯಕ್ಕೆ ಡೈಜಾಕ್ಸಿನೂ ತಗೋತಿದ್ದಾನೆ. ನಾಡಿ ಐವತ್ನಾಲ್ಕು. ವಾಂತಿ. ಈಗ ಬೆಳಗಿನ ಮಾತ್ರೆ ಕೊಡೋ ಹೊತ್ತು. ಟ್ರೇ ಕೈಯಲ್ಲಿದೆ. ಆ ಹುಡುಗಿ ಏನು ಮಾಡ್ತಾಳೆ?"

"ಡೈಜಾಕ್ಸಿನ್ ತಡೆ ಹಿಡೀತಾಳೆ, ಪೊಟ್ಯಾಸಿಯಂ ಇಷ್ಟು ಇಳಿದಾಗ ಅದು ವಿಷ. ಡಾಕ್ಟರಿಗೆ ಹೇಳ್ತಾಳೆ."

"ಈಗ ರಾಜಪ್ಪನ್‌ನ ಮುಚ್ಚಿ ನೋಡು. ಉತ್ತರ ಬರುತ್ತಾ?"

ಎಲ್ದೋ ಸಾರ್ ತಮ್ಮ ಕೈಯಿಂದಲೇ ಮುಚ್ಚಿದರು. ಅವರ ಕೈ ದೊಡ್ಡದು. ಕೋತಮಂಗಲದಲ್ಲಿ ಅವರಿಗೆ ರಬ್ಬರ್ ತೋಟ ಇದೆ, ಬೆಳಗಿನ ಹೊತ್ತು ಟ್ಯಾಪಿಂಗ್ ಅವರೇ ಮಾಡುತ್ತಾರೆ. "ಬರಲ್ಲ," ಅಂದರು. ಹಾಗೆ ರಾಜಪ್ಪನ್ ಆಸ್ಪತ್ರೆಯಲ್ಲೇ ಉಳಿದ.

ಭಾನುವಾರ ಬೆಳಗ್ಗೆ ಏಳಕ್ಕೆ ಚರ್ಚಿನಲ್ಲಿ ನನ್ನ ಮಗಳು ಐರಿನ್‌ಳ ಆದ್ಯ ಕುರ್ಬಾನ. ಒಂಬತ್ತು ವರ್ಷದವಳು, ಬಿಳಿ ಗೌನು, ತಲೆಗೆ ಮುತ್ತಿನ ಕಿರೀಟ, ಕೈಯಲ್ಲಿ ಮೇಣದಬತ್ತಿ. ಮೊದಲ ಸಲ ಪ್ರಸಾದ ನಾಲಿಗೆಗೆ ಬೀಳುವ ದಿನ. ಅಮ್ಮ ಪಕ್ಕದಲ್ಲಿ ನಿಂತಿರಬೇಕು. ಎರಡು ತಿಂಗಳಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಬುಧವಾರ ಹೊರಡುವಾಗ ಅವಳು ನನ್ನ ಬ್ಯಾಗಿನ ಜಿಪ್ಪು ಹಿಡಿದುಕೊಂಡು ಕೇಳಿದ್ದಳು: "ಶನಿವಾರ ಬಂದೇ ಬರ್ತೀಯಲ್ಲ ಅಮ್ಮಾ?" ನಾನು ಹೇಳಿದೆ: "ಹತ್ತೇ ಪ್ರಶ್ನೆ ಕಣೇ. ಹತ್ತು ಪ್ರಶ್ನೆ ನಂಗೇನು ಲೆಕ್ಕ?"

ಲೆಕ್ಕವೇ ಅಲ್ಲ ಅಂತ ನಿಜವಾಗಿ ನಂಬಿದ್ದೆ. ಹದಿನೈದು ವರ್ಷದಿಂದ ಕಲಿಸುತ್ತಿದ್ದೇನೆ, ಅದಕ್ಕೆ ಮುಂಚೆ ಆರು ವರ್ಷ ವಾರ್ಡು. ನನ್ನ ತಲೆಯಲ್ಲಿ ರೋಗಿಗಳು ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ ನಿಂತಿರುತ್ತಾರೆ. ಗುರುವಾರ ಸಂಜೆಗೆ ಹತ್ತೂ ಬರೆದು ಮುಗಿಸಿದ್ದೆ.

ಶುಕ್ರವಾರ ನಾಲ್ಕು ಗಂಟೆಗೆ ನನ್ನ ಸರದಿ ಬಂತು. ಮೊದಲ ಪ್ರಶ್ನೆ ನನಗೆ ತುಂಬ ಇಷ್ಟವಾದದ್ದು. ಮೂವತ್ತೆಂಟರ ಹೆಂಗಸು, ಗಂಟಲ ಥೈರಾಯ್ಡ್ ತೆಗೆದು ಒಂದು ದಿನವಾಗಿದೆ. ತುಟಿಯ ಸುತ್ತ ಜುಮುಜುಮು ಅನ್ನುತ್ತಿದೆ, ಭಯವಾಗುತ್ತಿದೆ ಅನ್ನುತ್ತಾಳೆ. ಬಿ.ಪಿ. ನೋಡಲು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದಾಗ ಅವಳ ಬೆರಳುಗಳು ಬಿಗಿದು ಮಣಿಕಟ್ಟು ಒಳಗೆ ಬಾಗುತ್ತದೆ. ನರ್ಸ್ ಈಗ ಮೊದಲು ಮಾಡಬೇಕಾದದ್ದು ಏನು? ಅವಳ ರಕ್ತದಲ್ಲಿ ಇಳಿದಿರುವುದು ಕ್ಯಾಲ್ಸಿಯಂ, ಆದರೆ ಆ ಪದ ಕತೆಯಲ್ಲಿ ಎಲ್ಲೂ ಇಲ್ಲ. ಆ ಲಕ್ಷಣದ ಹೆಸರೂ ಇಲ್ಲ. ಹೆಸರು ಕೊಟ್ಟರೆ ಬಾಯಿಪಾಠದವಳು ಹಿಡಿದುಬಿಡುತ್ತಾಳೆ.

ಟೀಚರ್ ಕತೆ ಮುಚ್ಚಿದರು. ಆಯ್ಕೆ ಮುಚ್ಚಿದರು. ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು.

"ಚೆನ್ನಾಗಿದೆ ಮೋಳೇ. ಆದ್ರೆ ನಾಲ್ಕು ಆಪ್ಶನ್‌ನಲ್ಲಿ ಸರಿಯುತ್ತರಾನೇ ಎಲ್ಲಕ್ಕಿಂತ ಉದ್ದ ಇದೆ. ಡಾಕ್ಟರಿಗೆ ತಕ್ಷಣ ಹೇಳಿ, ಕ್ಯಾಲ್ಸಿಯಂ ಇಂಜೆಕ್ಷನ್ ಸಿದ್ಧ ಮಾಡಿ, ಪಕ್ಕದಲ್ಲೇ ನಿಂತು... ಸತ್ಯ ಹೇಳೋವಾಗ ಎಲ್ರೂ ಜಾಸ್ತಿ ಮಾತಾಡ್ತೀವಿ ನೋಡು. ಏನೂ ಓದದ ಹುಡುಗೀನೂ ಉದ್ದಕ್ಕಿರೋದಕ್ಕೇ ಟಿಕ್ ಹಾಕ್ತಾಳೆ. ಕತ್ತರಿಸು."

ಕತ್ತರಿಸಿದೆ.

"ಆದ್ರೆ ತಪ್ಪು ಆಪ್ಶನ್ ಇದೆಯಲ್ಲ," ಅವರು ಎರಡನೆಯದರ ಮೇಲೆ ಉಗುರು ಇಟ್ಟರು, "ಗಾಬರಿ ಅಂತ ತಿಳ್ಕೊಂಡು ಪೇಪರ್ ಕವರ್‌ನೊಳಗೆ ಉಸಿರಾಡಿಸೋದು. ಇದು ಎಷ್ಟು ಚೆನ್ನಾಗಿದೆ ಅಂದ್ರೆ! ಯಾರೋ ನಿಜವಾಗ್ಲೂ ಮಾಡಿರೋ ತಪ್ಪಿನ ಹಾಗಿದೆ."

"ಹೂಂ," ಅಂದೆ.

ಮಾಡಿದವಳು ನಾನೇ. ಚಾಲಕ್ಕುಡಿಯ ಆಸ್ಪತ್ರೆಯಲ್ಲಿ, ಕುಞ್ಞನ್ನಮ್ಮ ಅನ್ನುವವರಿಗೆ. ಕವರ್ ಕೊಟ್ಟು ಹತ್ತು ನಿಮಿಷಕ್ಕೆ ಅವರಿಗೆ ಫಿಟ್ಸ್ ಬಂತು. ಬದುಕಿಕೊಂಡರು. ಆಮೇಲೆ ಮನೆಗೆ ಕರೆದು ಹಲಸಿನ ಹಣ್ಣು ಕೊಟ್ಟರು.

ಪ್ರಶ್ನೆ ನೀಲಿ ಫೈಲಿಗೆ ಹೋಯಿತು. ಆರು ಗಂಟೆಯ ಹೊತ್ತಿಗೆ ನನ್ನ ಹತ್ತೂ ಹೋದವು. ಮೂವತ್ತು ಮುಗಿಯಿತು. ಬೆಳಗ್ಗೆ ಶುದ್ಧಪ್ರತಿ, ಸಹಿ, ಅರಗು, ಮಧ್ಯಾಹ್ನದ ಬಸ್ಸು. ಪವಿತ್ರನ್ ಚೇಟ್ಟನ್ ಬಾಗಿಲು ತೆಗೆದು ಹಾಲಿಲ್ಲದ ಕಟ್ಟನ್ ಚಾಯ, ಪಳಂಪೊರಿ ಒಳಗೆ ಇಟ್ಟರು. ಎಲ್ದೋ ಸಾರ್ ಬಾಳೆಹಣ್ಣಿನ ಬೋಂಡಾದ ಎಣ್ಣೆಯನ್ನು ಹಾಳಾದ ಪ್ರಶ್ನೆಯೊಂದರಿಂದ ಒರೆಸುತ್ತಾ ಕಿಟಕಿಯ ಹತ್ತಿರ ಬಂದರು.

"ಪ್ರಿನ್ಸಿ ಮಿಸ್ಸೇ, ಅದು ಪೇಪರ್ ಕವರ್ ಕತೆ ತಾನೇ?"

"ಯಾವ ಕತೆ?"

"ನಮ್ಮಕ್ಕನ ಮಗಳು ಜಿಸ್ಮಿ ನಿಮ್ಮ ಕಾಲೇಜಲ್ಲೇ ಓದಿದ್ದಲ್ವಾ. ಮನೇಲಿ ಯಾರಿಗಾದ್ರೂ ಸ್ವಲ್ಪ ಗಾಬರಿಯಾದ್ರೆ ಸಾಕು, ಪೇಪರ್ ಕವರ್ ತರ್ಲಾ ಅಂತ ಕಾಡ್ತಾಳೆ. ಕೇಳಿದ್ರೆ, ನಮ್ಮ ಪ್ರಿನ್ಸಿ ಮಿಸ್ ಕತೆ ಅದು, ಪ್ರತಿ ಬ್ಯಾಚಿಗೂ ಮೊದಲ ದಿನವೇ ಹೇಳ್ತಾರೆ ಅಂದ್ಳು." ಅವರು ನಕ್ಕರು. "ನಿಮ್ಮ ಮಕ್ಕಳಿಗೆ ಒಂದು ಮಾರ್ಕು ಫ್ರೀ."

ಅವರು ತಮಾಷೆಗೇ ಹೇಳಿದ್ದು. ಹೇಳಿ ಇನ್ನೊಂದು ಪಳಂಪೊರಿ ತೆಗೆದುಕೊಳ್ಳಲು ಹೋದರು.

ನಾನು ನೀಲಿ ಫೈಲಿನಿಂದ ನನ್ನ ಹತ್ತನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಹರಡಿದೆ. ಎದೆಗೆ ಕೊಳವೆ ಹಾಕಿಸಿಕೊಂಡು, ಶೌಚಕ್ಕೆ ಎದ್ದಾಗ ಬಾಟಲಿಯನ್ನು ಹಾಸಿಗೆಯ ಮೇಲೆ ಎತ್ತಿಟ್ಟ ಲಾರಿ ಡ್ರೈವರ್. ಹೇಳಿದ್ದೇನೆ, ಅವನ ನಡಿಗೆಯನ್ನೂ ಮಾಡಿ ತೋರಿಸಿದ್ದೇನೆ. ಇನ್ಸುಲಿನ್ ಚುಚ್ಚಿಸಿಕೊಂಡು ತಿಂಡಿ ತಿನ್ನದೆ ಕುಳಿತಿದ್ದ, ಬೆವರಿ ಬೆವರಿ ಬೈಯಲು ಶುರುಮಾಡಿದ ಹೆಡ್‌ಮಾಸ್ಟರ್. ಹೇಳಿದ್ದೇನೆ. ಅವರ ಬೈಗುಳ ಹುಡುಗಿಯರಿಗೆ ಬಾಯಿಪಾಠ. ರಕ್ತ ಏರಿಸಲು ಶುರುಮಾಡಿ ಐದು ನಿಮಿಷಕ್ಕೆ ಸೊಂಟ ನೋವು ಅಂದ ಬಾಣಂತಿ. ಹೇಳಿದ್ದೇನೆ. ಎಣಿಸಿದೆ. ಹತ್ತರಲ್ಲಿ ಏಳು.

ಇದು ನನಗೆ ಬರೆಯುವಾಗ ಯಾಕೆ ಹೊಳೆಯಲಿಲ್ಲ? ಎರಡು ಅಂಗೈಯ ಭಯದಲ್ಲಿ ಹಾಳೆಯನ್ನೇ ನೋಡುತ್ತಿದ್ದೆ. ಅದನ್ನು ಓದುವ ಹುಡುಗಿಯನ್ನು ಮರೆತಿದ್ದೆ. ಪ್ರಶ್ನೆ ಯೋಚನೆಯನ್ನು ಕೇಳುತ್ತದೋ ನೆನಪನ್ನು ಕೇಳುತ್ತದೋ ಅನ್ನುವುದು ಹಾಳೆಯಲ್ಲಿ ಬರೆದಿರುವುದಿಲ್ಲ. ಕೋಳಿಕ್ಕೋಡಿನ ಯಾವುದೋ ಕಾಲೇಜಿನ ಹುಡುಗಿ ತುಟಿಯ ಜುಮುಜುಮುವಿನಿಂದ ಗಂಟಲಿಗೆ, ಗಂಟಲಿನಿಂದ ಅಲ್ಲಿನ ಸಣ್ಣ ಗ್ರಂಥಿಗಳಿಗೆ, ಅಲ್ಲಿಂದ ಕ್ಯಾಲ್ಸಿಯಂಗೆ ಹೆಜ್ಜೆ ಹೆಜ್ಜೆಯಾಗಿ ನಡೆಯಬೇಕು. ನನ್ನ ತರಗತಿಯ ಹುಡುಗಿ ತುಟಿ ಅನ್ನುವ ಪದ ನೋಡಿ ನಗುತ್ತಾಳೆ, ಟಿಕ್ ಹಾಕುತ್ತಾಳೆ. ಅದೇ ಹಾಳೆ, ಅದೇ ಸಾಲು.

ಊರು, ವಯಸ್ಸು ಬದಲಿಸಿ ನೋಡಿದೆ. ಹೆಂಗಸನ್ನು ಗಂಡಸು ಮಾಡಿದೆ. ಪೇಪರ್ ಕವರ್ ತೆಗೆದು 'ನಿಧಾನವಾಗಿ ಉಸಿರಾಡಲು ಹೇಳುವುದು' ಅಂತ ಹಾಕಿದೆ. ಆಮೇಲೆ ನನ್ನ ತರಗತಿಯ ಹೃದ್ಯಾಳನ್ನು ಮನಸ್ಸಿನಲ್ಲೇ ಮೊದಲ ಬೆಂಚಿನಲ್ಲಿ ಕೂರಿಸಿ ಅವಳ ಕಣ್ಣಿನಿಂದ ಓದಿದೆ. ಹೃದ್ಯಾ ಎರಡನೇ ಸಾಲಿಗೇ ಕುಞ್ಞನ್ನಮ್ಮನನ್ನು ಗುರುತು ಹಿಡಿದಳು. ಗಂಡಸಿನ ವೇಷದಲ್ಲಿದ್ದರೂ.

ಇದೇ ಹೃದ್ಯಾ ಆ ಕತೆ ಕೇಳಿದ ದಿನ ಕೈ ಎತ್ತಿದ್ದಳು. "ಮಿಸ್, ಇದು ಪರೀಕ್ಷೇಲಿ ಬರುತ್ತಾ?"

"ಬರಲ್ಲ," ಅಂದಿದ್ದೆ. "ವಾರ್ಡಲ್ಲಿ ಬರುತ್ತೆ."

ಸಂಜೆ ಪೂರ್ತಿ ಹೊಸದಕ್ಕಾಗಿ ತಡಕಾಡಿದೆ. ಒಬ್ಬೊಬ್ಬ ರೋಗಿಯನ್ನೂ ಕರೆದು ಕೇಳಿದೆ, ನಿನ್ನ ಬಗ್ಗೆ ತರಗತಿಯಲ್ಲಿ ಹೇಳಿದ್ದೇನಾ? ಎಲ್ಲರೂ ಹೌದು ಅಂದರು. ಒಂದನ್ನೂ ಬಚ್ಚಿಟ್ಟುಕೊಂಡಿಲ್ಲ. ಒಳ್ಳೆಯ ಮೇಷ್ಟ್ರು ಅನ್ನಿಸಿಕೊಳ್ಳಲು ಹದಿನೈದು ವರ್ಷ ಏನು ಮಾಡಿದ್ದೆನೋ ಅದೇ ಈಗ ಕಿಟಕಿಯ ಸರಳಾಗಿ ನಿಂತಿತ್ತು. ಪುಸ್ತಕದಿಂದ ಎತ್ತಿ ಬರೆಯಲು ನೋಡಿದೆ. ಪುಸ್ತಕದ ರೋಗಿಗಳು ಎಲ್ದೋ ಸಾರ್ ಮೊದಲು ಬರೆದಂಥ ರಾಜಪ್ಪನ್‌ಗಳು, ಅಂಗೈ ಇಟ್ಟರೆ ಮಾಯವಾಗುವವರು.

ಎಂಟಕ್ಕೆ ಕಂಜಿ, ಹೆಸರುಕಾಳಿನ ಪಯರು, ಉಪ್ಪಿನಕಾಯಿ ಬಂತು. ಟೀಚರ್ ತಿಂದು ಜಪಮಾಲೆ ಹಿಡಿದುಕೊಂಡು ಮಲಗಲು ಹೋದರು. ಅವರಿಗೆ ಏನನ್ನೂ ಹೇಳಲಿಲ್ಲ.

ಶನಿವಾರ ಬೆಳಗ್ಗೆ ಪವಿತ್ರನ್ ಚೇಟ್ಟನ್ ಪುಟ್ಟು ಕಡಲೆಯ ಜೊತೆಗೆ ಮೂರು ಫಾರಂ ತಂದಿಟ್ಟರು. ಘೋಷಣಾ ಪತ್ರ. ನಾಲ್ಕು ಸಾಲು. ಮೂರನೆಯ ಸಾಲು ಹೀಗಿತ್ತು: 'ಈ ಪ್ರಶ್ನೆಗಳನ್ನಾಗಲೀ ಇವುಗಳಲ್ಲಿ ಬಳಸಿದ ಸಂದರ್ಭಗಳನ್ನಾಗಲೀ ನಾನು ಯಾವ ವಿದ್ಯಾರ್ಥಿಗೂ ತಿಳಿಸಿರುವುದಿಲ್ಲ.'

ಎಲ್ದೋ ಸಾರ್ ಕಡಲೆ ಅಗಿಯುತ್ತಲೇ ಸಹಿ ಮಾಡಿದರು.

ನಾನು ಹೇಳಿದೆ. ಟೀಚರ್‌ರ ಮುಖ ನೋಡಿ ಹೇಳಲಾಗಲಿಲ್ಲ, ಪುಟ್ಟಿನ ತಟ್ಟೆ ನೋಡಿಕೊಂಡು ಹೇಳಿದೆ. ಏಳು ಪ್ರಶ್ನೆ ಅಂದೆ.

ಎಲ್ದೋ ಸಾರ್ ಅಗಿಯುವುದನ್ನು ನಿಲ್ಲಿಸಿದರು. "ಅಯ್ಯೋ ಮಿಸ್ಸೇ! ನಾನು ತಮಾಷೆಗೆ ಅಂದಿದ್ದು."

"ನೀವು ತಮಾಷೆಗೆ ಅಂದ್ರೂ ನಿಜಾನೇ ಅಲ್ವಾ ಸಾರ್."

"ನಿಜ ಇದ್ರೆ ಇರ್ಲಿ! ಮೂರು ದಿನದಿಂದ ಈ ಗೋಡಂಬಿ ಮರಾನೇ ನೋಡ್ತಿದೀನಿ. ಎಷ್ಟು ಎಲೆ ಇದೆ ಅಂತ ಕೇಳಿ, ಹೇಳ್ತೀನಿ. ನಿಮ್ಮ ಧರ್ಮಸಂಕಟಕ್ಕೆ ನಾನ್ಯಾಕೆ ಇನ್ನೂ ಮೂರು ದಿನ ಕಂಜಿ ಕುಡೀಬೇಕು?"

"ನೀನು ಸುಮ್ನಿರು ಎಲ್ದೋ," ಟೀಚರ್ ಹೇಳಿದರು. ನನ್ನ ಕಡೆ ತಿರುಗಿದರು. "ಈಗ ಒಂಬತ್ತು ಗಂಟೆ. ಬರೀತೀಯಾ?"

"ಬರೀತೀನಿ."

"ಎಷ್ಟು ಹೊತ್ತು?"

"ಗೊತ್ತಿಲ್ಲ ಟೀಚರ್."

ಅವರು ಏಳು ಪ್ರಶ್ನೆಗಳನ್ನೂ ಫೈಲಿನಿಂದ ತೆಗೆದು ತಲೆಕೆಳಗಾಗಿ ಮೇಜಿನ ತುದಿಗಿಟ್ಟರು. ಹರಿಯಲಿಲ್ಲ. ಅದನ್ನು ನಾನು ಗಮನಿಸಿದೆ.

ಬಿಳಿ ಹಾಳೆ. ಮೇಲೆ ಫ್ಯಾನು ಪ್ರತಿ ಸುತ್ತಿಗೂ ಒಂದು ಸಲ ಟಕ್ ಅನ್ನುತ್ತಿತ್ತು. ಯಾರಿಗೂ ಹೇಳದ ರೋಗಿ ಒಬ್ಬರಿದ್ದರು. ಅವರು ಇದ್ದಾರೆ ಅಂತ ಶುಕ್ರವಾರ ಸಂಜೆಯಿಂದಲೇ ಗೊತ್ತಿತ್ತು. ನನ್ನ ತಲೆಯೊಳಗಿನ ಬಸ್ ಸ್ಟ್ಯಾಂಡಿನ ಆ ತುದಿಯ ಕಲ್ಲುಬೆಂಚಿನಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದರು. ನಾನು ಆ ಕಡೆ ಹೋಗಿರಲಿಲ್ಲ, ಅಷ್ಟೇ.

ದೆಹಲಿ. ನನ್ನ ಮೊದಲ ಕೆಲಸ, ಇಪ್ಪತ್ತೆರಡು ವಯಸ್ಸು. ಭಾಟಿಯಾ ಅನ್ನುವವರು, ಹೊಟ್ಟೆಯ ದೊಡ್ಡ ಆಪರೇಷನ್ ಆಗಿತ್ತು. ಎರಡು ದಿನ ಅರಚಿದ್ದರು, ನನಗೆ ಹಿಂದಿ ಅರ್ಥವಾಗುತ್ತಿರಲಿಲ್ಲ. ಮೂರನೆಯ ದಿನ ಬೆಳಗ್ಗೆ ಸುಮ್ಮನಾಗಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವರ ಹೊದಿಕೆ ಸರಿಮಾಡಿದೆ. ಚಾರ್ಟಿನಲ್ಲಿ ಬರೆದೆ: 'ರೋಗಿ ಶಾಂತವಾಗಿ ನಿದ್ರಿಸುತ್ತಿದ್ದಾರೆ.' ಹತ್ತು ನಲವತ್ತಕ್ಕೆ ಅವರು ತೀರಿಕೊಂಡರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ತರಗತಿಯಲ್ಲಿ ಹೇಳುವ ಕತೆಯಾಗುತ್ತಿತ್ತೋ ಏನೋ.

ಬರೆದೆ.

'ಅರವತ್ತೊಂದರ ವ್ಯಕ್ತಿ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಮೂರನೆಯ ದಿನ. ನೋವಿಗೆ ಮಾರ್ಫಿನ್ ಡ್ರಿಪ್, ಮುಖಕ್ಕೆ ಆಮ್ಲಜನಕದ ಮಾಸ್ಕ್. ಎರಡು ದಿನ ನಿದ್ದೆಯಿಲ್ಲದೆ ನರಳಿದವರು ಈಗ ಮಲಗಿದ್ದಾರೆ. ಹೆಸರು ಹಿಡಿದು ಜೋರಾಗಿ ಕರೆದರೆ ಕಣ್ಣು ತೆರೆದು ತಕ್ಷಣ ಮುಚ್ಚುತ್ತಾರೆ. ನಾಡಿ 72. ರಕ್ತದೊತ್ತಡ 118/76. ರಕ್ತದ ಆಮ್ಲಜನಕ ಶೇಕಡಾ 96. ಉಸಿರಾಟ ನಿಮಿಷಕ್ಕೆ 8. ನರ್ಸ್ ಈಗ ಮೊದಲು ಮಾಡಬೇಕಾದದ್ದು ಏನು?'

ನಾಲ್ಕು ಆಯ್ಕೆ. ನೋವು ತಗ್ಗಿದೆ ಎಂದು ದಾಖಲಿಸಿ ನಿದ್ದೆಗೆ ಬಿಡುವುದು. ಮಾಸ್ಕಿನ ಆಮ್ಲಜನಕ ಹೆಚ್ಚಿಸುವುದು. ಡ್ರಿಪ್ಪಿನ ವೇಗ ಅರ್ಧಕ್ಕಿಳಿಸಿ ಗಂಟೆಯ ನಂತರ ನೋಡುವುದು. ಡ್ರಿಪ್ ನಿಲ್ಲಿಸಿ, ಎಬ್ಬಿಸುತ್ತಾ ಡಾಕ್ಟರನ್ನು ಕರೆಸುವುದು. ನಾಲ್ಕನ್ನೂ ಒಂದೇ ಉದ್ದಕ್ಕೆ ತರಲು ಹದಿನೈದು ನಿಮಿಷ ಹಿಡಿಯಿತು. ಮೊದಲನೆಯದನ್ನು ಬರೆಯಲು ನಲವತ್ತು.

ಟೀಚರ್‌ಗೆ ಕೊಟ್ಟಾಗ ಹನ್ನೊಂದೂವರೆ. ಅವರು ಕತೆಯ ಮೇಲೆ ಅಂಗೈ ಇಟ್ಟರು. ತೆಗೆದರು. ಆಯ್ಕೆಗಳ ಮೇಲೆ ಇಟ್ಟರು. ತುಂಬ ಹೊತ್ತು ತೆಗೆಯಲೇ ಇಲ್ಲ.

"ತೊಂಬತ್ತಾರು ಅಂತ ಕೊಟ್ಟಿದ್ದೀಯ," ಎಂದರು ಕೊನೆಗೆ.

"ಹೂಂ. ಮಾಸ್ಕ್ ಇದೆಯಲ್ಲ ಟೀಚರ್. ಮಾಸ್ಕ್ ಇರೋವರೆಗೂ ನಂಬರ್ ಚೆನ್ನಾಗೇ ಕಾಣುತ್ತೆ. ಉಸಿರು ಎಂಟಕ್ಕಿಳಿದು ನಿಂತು ಹೋಗ್ತಿದ್ರೂ."

"ಇದನ್ನ ಯಾರಿಗೂ ಹೇಳಿಲ್ವಾ?"

"ಇಲ್ಲ."

ಅವರು ನನ್ನನ್ನು ನೋಡಿದರು. ಹಾಳೆಯನ್ನು ನೀಲಿ ಫೈಲಿಗೆ ಹಾಕಿದರು.

"ಒಂದು," ಎಲ್ದೋ ಸಾರ್ ಹೇಳಿದರು. "ಎರಡೂವರೆ ಗಂಟೆಗೆ ಒಂದು. ಇನ್ನು ಆರು."

ಹನ್ನೆರಡಾಯಿತು, ಒಂದಾಯಿತು. ಊಟಕ್ಕೆ ಮೀನು ಸಾರು ಬಂತು, ಆರಿತು. ಎರಡು ಪ್ರಶ್ನೆ ಬರೆದೆ, ಎರಡೂ ಅಂಗೈ ದಾಟಲಿಲ್ಲ. ಒಂದನ್ನು ಕತೆ ಮುಚ್ಚಿಯೂ ಉತ್ತರಿಸಬಹುದಿತ್ತು. ಇನ್ನೊಂದರಲ್ಲಿ ಎರಡು ಆಯ್ಕೆ ಸರಿಯಾಗಿದ್ದವು. ಎಲ್ದೋ ಸಾರ್ ಪಾಪ ಪಕ್ಕದಲ್ಲಿ ಕುಳಿತು ಒಂದು ಬರೆದುಕೊಟ್ಟರು. ಬೆನ್ನಿನಲ್ಲಿ ಹುಣ್ಣಾದ ಅಜ್ಜಿ, ಹೆಸರು ರಾಜಮ್ಮ. "ರಾಜಪ್ಪನ್ ಅಕ್ಕ," ಅಂದರು. ಅದಕ್ಕೂ ಟೀಚರ್ ಅಂಗೈ ಇಟ್ಟರು, ಅಜ್ಜಿ ಮಾಯವಾದಳು.

ಮೂರಕ್ಕೆ ಬಾಗಿಲು ತೆರೆದು ಪವಿತ್ರನ್ ಚೇಟ್ಟನ್ ತಲೆ ಹಾಕಿದರು. "ಟೀಚರ್, ಅರಗು ಕಾಯಿಸ್ಲಾ? ಐದೂವರೆಗೆ ಸ್ಟ್ರಾಂಗ್ ರೂಮ್ ಮುಚ್ತಾರೆ. ಇವತ್ತು ಇಲ್ಲ ಅಂದ್ರೆ ಸೋಮವಾರಾನೇ."

"ಸೋಮವಾರ ಅಂದ್ರೆ ಸೋಮವಾರದ ತನಕ ನಾವು ಇಲ್ಲೇನಾ?"

"ನಾನೂ ಇಲ್ಲೇ ಟೀಚರ್. ಕುರ್ಚಿಗೆ ನನ್ನ ಬೆನ್ನಿನ ಅಚ್ಚೇ ಬಿದ್ದುಹೋಗಿದೆ."

ಟೀಚರ್ ಅವರಿಗೆ ಏನೋ ಮೆಲ್ಲಗೆ ಹೇಳಿದರು. ಅವರು ಹೋದರು. ಕಪಾಟಿನ ಬೀಗ ತಿರುಗಿದ ಸದ್ದು ಕೇಳಿತು, ಮೂರು ದಿನದಲ್ಲಿ ಮೊದಲ ಸಲ. ಮರಳಿ ಬಂದಾಗ ಅವರ ಕೈಯಲ್ಲಿ ಸ್ಟೀಲ್ ತಟ್ಟೆ. ಅದರ ಮೇಲೆ ನನ್ನ ಹೆಸರು ಬರೆದ ಕಂದು ಕವರು, ಒಳಗೆ ಆನ್ ಮಾಡಿದ ಮೊಬೈಲ್. ಪಕ್ಕದಲ್ಲಿ ಗೇಟ್ ಪಾಸು.

ಟೀಚರ್ ಮೇಜಿನ ತುದಿಯಿಂದ ತಲೆಕೆಳಗಾದ ಹಾಳೆಗಳನ್ನು ಎತ್ತಿಕೊಂಡರು. ಮೇಲಿನದೊಂದನ್ನು ಪಕ್ಕಕ್ಕಿಟ್ಟು ಉಳಿದ ಆರನ್ನು ತಿರುಗಿಸಿ ಜೋಡಿಸಿದರು. ಪಕ್ಕಕ್ಕೆ ಬಿದ್ದದ್ದು ಕುಞ್ಞನ್ನಮ್ಮ.

"ಕೂತ್ಕೋ ಮೋಳೇ. ಕೇಳು. ಪರೀಕ್ಷೆ ಬರೆಯೋರು ಆರು ಸಾವಿರ. ನಿನ್ನ ಮಕ್ಕಳು ಎಷ್ಟು?"

"ನಲವತ್ತಮೂರು."

"ಆರು ಸಾವಿರದಲ್ಲಿ ನಲವತ್ತಮೂರು. ಪರೀಕ್ಷೆ ಆದ್ಮೇಲೆ ಪ್ರತಿ ಪ್ರಶ್ನೆಗೂ ಯಾರು ಸರಿ ಬರೆದ್ರು, ಯಾರು ತಪ್ಪು ಬರೆದ್ರು ಅಂತ ಲೆಕ್ಕ ಹಾಕ್ತಾರಲ್ಲ, ಅದರಲ್ಲೂ ಇದು ಕಾಣಲ್ಲ. ಉಳಿದವರಿಗೆಲ್ಲ ಇವು ನಿಜವಾದ ಪ್ರಶ್ನೆಗಳೇ. ಒಳ್ಳೇ ಪ್ರಶ್ನೆಗಳು. ನಾನು ಮೂವತ್ತು ವರ್ಷದಲ್ಲಿ ನೋಡಿದ್ದರಲ್ಲಿ ಒಳ್ಳೇವು. ಪೇಪರ್ ಕವರ್ ಒಂದು ತೀರಾ ಊರಿಗೆಲ್ಲ ಗೊತ್ತಾಗಿದೆ, ಅದನ್ನ ತೆಗೆದು ಮಾರ್ಫಿನ್ ಹಾಕಿದೀವಿ. ಮಿಕ್ಕ ಆರರಲ್ಲಿ ಹೆಸರು, ವಯಸ್ಸು ನಾನೇ ಬದಲಿಸ್ತೀನಿ. ನೀನು ಸಹಿ ಹಾಕು, ಅರಗು ಬಿದ್ದ ತಕ್ಷಣ ಹೊರಡು. ನಾಲ್ಕೂಕಾಲಿನ ಬಸ್ಸು ಸಿಗುತ್ತೆ."

"ನಾನೇ ಬಸ್ ಸ್ಟ್ಯಾಂಡ್ ತನಕ ಬಿಡ್ತೀನಿ," ಎಲ್ದೋ ಸಾರ್ ಹೇಳಿದರು. "ನಿಮ್ಮ ಹಿಂದೇನೇ ನಾನೂ. ಮಗಳ ಆದ್ಯ ಕುರ್ಬಾನ ಜೀವನದಲ್ಲಿ ಒಂದೇ ಸಲ ಮಿಸ್ಸೇ. ಪರೀಕ್ಷೆ ಪ್ರತಿ ವರ್ಷ ಬರುತ್ತೆ."

ಕವರಿನೊಳಗೆ ಮೊಬೈಲು ನಡುಗಿತು. ತಟ್ಟೆಯ ಸ್ಟೀಲಿನ ಮೇಲೆ ಜುಯ್ ಅಂತ ಜರುಗಿತು, ನಿಂತಿತು, ಮತ್ತೆ ಜರುಗಿತು. ಪವಿತ್ರನ್ ಚೇಟ್ಟನ್ ಕವರಿನ ತೆರೆದ ಬಾಯಲ್ಲಿ ಇಣುಕಿ, "ಬೈಜು ಅಂತ ಬರ್ತಿದೆ," ಅಂದರು. ಬೈಜು ನನ್ನ ಗಂಡ. ಆದರೆ ಈ ಹೊತ್ತಿನಲ್ಲಿ ಅವರ ಮೊಬೈಲು ಐರಿನ್‌ಳ ಕೈಯಲ್ಲಿರುತ್ತದೆ. ಕಿರೀಟದ ಅಳತೆ ಸಡಿಲವಾಗಿದೆ, ಪಿನ್ನು ಎಲ್ಲಿ ಚುಚ್ಚಬೇಕು, ಅಂಥದೇನೋ ಕೇಳಲು. ನನ್ನ ಕೈ ತಟ್ಟೆಯ ಕಡೆ ಹೋದದ್ದು ನನಗೇ ಕಾಣಿಸಿತು. ಸಹಿ ಆಗುವ ತನಕ ತೆಗೆಯುವಂತಿಲ್ಲ. ಪವಿತ್ರನ್ ಚೇಟ್ಟನ್ ತಟ್ಟೆಯನ್ನು ಎರಡು ಅಂಗುಲ ಹಿಂದಕ್ಕೆಳೆದರು. ತಪ್ಪಾಯಿತು ಅನ್ನುವ ಹಾಗೆ ಕತ್ತು ಬಗ್ಗಿಸಿದರು.

ಮೊಬೈಲು ಸುಮ್ಮನಾಯಿತು.

"ಹೃದ್ಯಾ ಅಂತ ಒಬ್ಬಳಿದ್ದಾಳೆ ಟೀಚರ್," ನಾನು ಹೇಳಿದೆ. "ಈ ಆರನ್ನೂ ಸರಿ ಬರೀತಾಳೆ. ಅವಳು ಯೋಚನೆ ಮಾಡಬಲ್ಲಳಾ ಅಂತ ಪರೀಕ್ಷೆಗೆ ಗೊತ್ತಾಗಲ್ಲ. ನಂಗೂ ಗೊತ್ತಾಗಲ್ಲ. ಮಾರ್ಕ್ಸ್ ತೊಂಬತ್ತಾರು ಅಂತ ಕಾಣುತ್ತೆ."

ಟೀಚರ್‌ರ ಕಣ್ಣು ನೀಲಿ ಫೈಲಿನ ಕಡೆ ಹೋಗಿ ಬಂತು.

"ಅವಳಿಗೆ ಮಾಸ್ಕ್ ಹಾಕಿದ್ದು ನೀನೇ ಅಂತೀಯ."

"ಹೂಂ."

"ಎಲ್ಲ ಮೇಷ್ಟ್ರುಗಳೂ ಹಾಕ್ತಾರೆ ಪ್ರಿನ್ಸಿ. ಕಲಿಸೋದು ಅಂದ್ರೇ ಅದು."

"ಇರಬಹುದು. ಆದ್ರೆ ಇಲ್ಲಿ ಕೂತಿರೋದು ಅದನ್ನ ತೆಗೆದು ನೋಡೋಕಲ್ವಾ?"

ಫ್ಯಾನು ಟಕ್ ಅಂದಿತು, ಇನ್ನೊಂದು ಸಲ ಟಕ್ ಅಂದಿತು. ಎಲ್ದೋ ಸಾರ್ ಗೋಡಂಬಿ ಮರದ ಕಡೆ ತಿರುಗಿ ಸರಳು ಹಿಡಿದು ನಿಂತರು. ಟೀಚರ್ ಘೋಷಣಾ ಪತ್ರವನ್ನು ನನ್ನ ಮುಂದಕ್ಕೆ ಸರಿಸಿದರು, ಅದರ ಮೇಲೆ ತಮ್ಮ ಪೆನ್ನಿಟ್ಟರು. ಆಮೇಲೆ ಬಲಗೈ ಎತ್ತಿ ಪತ್ರದ ಮೇಲಿಟ್ಟರು. ಮೂರನೆಯ ಸಾಲು ಅವರ ಅಂಗೈಯ ಕೆಳಗೆ ಹೋಯಿತು. ನನ್ನ ಹೆಸರು ಮತ್ತು ಸಹಿಯ ಜಾಗ ಮಾತ್ರ ಹೊರಗೆ ಉಳಿಯಿತು.

"ಇಷ್ಟೇ ನೋಡು," ಅಂದರು, ತುಂಬ ಪ್ರೀತಿಯಿಂದ. "ಇಷ್ಟನ್ನೇ ನೋಡಿ ಹಾಕ್ಬಿಡು ಮೋಳೇ. ಮಗು ಕಾಯ್ತಿರುತ್ತೆ."

ತಟ್ಟೆಯ ಮೇಲೆ ಮೊಬೈಲು ಮತ್ತೆ ನಡುಗಲು ಶುರುಮಾಡಿತು.

"ಹಾಕಲ್ಲ ಟೀಚರ್," ಅಂದೆ.